ಅರವತ್ತು ಡಿಗ್ರಿಗೂ ತೊಂಬತ್ತು ಡಿಗ್ರಿಗೂ ಬರೀ ಐದು ಕಿಲೋಜೂಲ್ ವ್ಯತ್ಯಾಸವೇ?

ಪ್ರಶ್ನೆ: ಸರ್, ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಬೇಯರ್ ಸಿದ್ಧಾಂತದ ಪ್ರಕಾರ ಸೈಕ್ಲೋಪೆಂಟೇನ್ ಎಲ್ಲಕ್ಕಿಂತ ಸ್ಥಿರ ಅಂತ ನಮ್ಮ ನೋಟ್ಸ್‌ನಲ್ಲಿದೆ. ಪುಸ್ತಕದ ಟೇಬಲ್‌ನಲ್ಲಿ ನೋಡಿದರೆ ಅದಕ್ಕೆ 27 ಕಿಲೋಜೂಲ್ ಸ್ಟ್ರೇನ್, ಸೈಕ್ಲೋಹೆಕ್ಸೇನ್‌ಗೆ ಹೆಚ್ಚುಕಡಿಮೆ ಸೊನ್ನೆ. ಸೈಕ್ಲೋಪ್ರೊಪೇನ್‌ಗೆ 115, ಸೈಕ್ಲೋಬ್ಯೂಟೇನ್‌ಗೆ 110. ಕೋನ 60 ಎಲ್ಲಿ, 90 ಎಲ್ಲಿ? ಇಷ್ಟು ಹತ್ತಿರ ಹೇಗೆ ಬಂತು? ನಾನೇ ದಹನ ಉಷ್ಣದಿಂದ ಲೆಕ್ಕ ಹಾಕಿದಾಗ ಸೈಕ್ಲೋಹೆಕ್ಸೇನ್‌ಗೆ ಮೈನಸ್ 32 ಬಂತು. ತಪ್ಪು ನನ್ನದಾ, ಟೇಬಲ್‌ನದಾ? ಇಷ್ಟು ಸ್ಟ್ರೇನ್ ಇಟ್ಟುಕೊಂಡು ಸೈಕ್ಲೋಪ್ರೊಪೇನ್ ತಾನಾಗೇ ಒಡೆದುಹೋಗಲ್ವಾ? ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?

ಉತ್ತರ: ಮೊದಲು ಆ ಮೈನಸ್ 32ನ್ನು ಹಿಡಿಯೋಣ. ಅದು ಎಲ್ಲಿಂದ ಬಂತು ಅನ್ನೋದು ನನಗೆ ನಿಮ್ಮ ಹಾಳೆ ನೋಡದೆಯೇ ಗೊತ್ತಾಯಿತು. ನೀವು ಸೈಕ್ಲೋಹೆಕ್ಸೇನ್‌ನ ದಹನ ಉಷ್ಣ 3920 ಅಂತ ತೆಗೆದುಕೊಂಡಿದ್ದೀರಿ. ಆ ಸಂಖ್ಯೆ ತಪ್ಪಲ್ಲ, ಆದರೆ ಅದು ದ್ರವ ಸೈಕ್ಲೋಹೆಕ್ಸೇನ್‌ನದು. ಟೇಬಲ್‌ನಲ್ಲಿರುವ ಉಳಿದ ಸಂಖ್ಯೆಗಳೆಲ್ಲ ಅನಿಲದವು. ಒಂದು ಮೋಲ್ ಸೈಕ್ಲೋಹೆಕ್ಸೇನ್ ದ್ರವದಿಂದ ಆವಿಯಾಗೋಕೆ ಸುಮಾರು 33 ಕಿಲೋಜೂಲ್ ಬೇಕು. ಹಾಗಾಗಿ ಆವಿಯ ರೂಪದಲ್ಲಿ ಸುಟ್ಟರೆ ಬರುವುದು 3953. ನಿಮ್ಮ ಕೊರತೆ ಅಲ್ಲೇ ತುಂಬಿಹೋಯಿತು, ಮೇಲೆ ಒಂದು ಕಿಲೋಜೂಲ್ ಮಾತ್ರ ಉಳಿಯಿತು.

ತಪ್ಪು ಅಂತ ಬೇಸರ ಬೇಡ. ಈ ಲೆಕ್ಕದ ಸ್ವಭಾವವೇ ಅಂಥದು. ಸಾವಿರಗಟ್ಟಲೆ ಕಿಲೋಜೂಲ್‌ನ ಎರಡು ಸಂಖ್ಯೆಗಳನ್ನು ಕಳೆದು, ಮಿಕ್ಕ ಹತ್ತಿಪ್ಪತ್ತನ್ನು ಸ್ಟ್ರೇನ್ ಅನ್ನುತ್ತೇವೆ. ಚಿನ್ನದ ಸರವನ್ನು ಹಾಕಿಕೊಂಡು ಒಮ್ಮೆ, ತೆಗೆದಿಟ್ಟು ಒಮ್ಮೆ ನಾವೇ ತಕ್ಕಡಿ ಮೇಲೆ ನಿಂತು ಸರದ ತೂಕ ಕಂಡುಹಿಡಿದ ಹಾಗೆ. ಸಣ್ಣ ತಪ್ಪಾದರೂ ಸರದ ತೂಕ ಮೈನಸ್‌ಗೆ ಹೋಗುತ್ತದೆ.

ನಾನು ಹೊಸದಾಗಿ ಪಾಠ ಮಾಡೋಕೆ ಸೇರಿದಾಗ ಲ್ಯಾಬ್‌ನಲ್ಲಿ ಬಾಂಬ್ ಕ್ಯಾಲೋರಿಮೀಟರ್‌ನಲ್ಲಿ ಸೈಕ್ಲೋಹೆಕ್ಸೇನ್ ಸುಡಲು ಹೋಗಿದ್ದೆ. ಬೆಂಜೋಯಿಕ್ ಆಮ್ಲ ಸುಟ್ಟು ಉಪಕರಣವನ್ನು ಸರಿಪಡಿಸಿಕೊಂಡಿದ್ದೆ, ಅದರಲ್ಲಿ ಉತ್ತರ ಚೆನ್ನಾಗಿಯೇ ಬಂದಿತ್ತು. ಸೈಕ್ಲೋಹೆಕ್ಸೇನ್‌ಗೆ ಮಾತ್ರ ಪ್ರತಿ ಸಲವೂ ಕಡಿಮೆ, ಅದೂ ಪ್ರತಿ ಸಲ ಬೇರೆ ಬೇರೆ ಕಡಿಮೆ. ಎರಡು ದಿನ ತಂತಿ, ಆಮ್ಲಜನಕದ ಒತ್ತಡ, ಥರ್ಮಾಮೀಟರ್ ಎಲ್ಲವನ್ನೂ ಅನುಮಾನಿಸಿದೆ. ಮೂರನೇ ದಿನ ತಕ್ಕಡಿಯ ಮುಂದೆ ಸುಮ್ನೆ ಕೂತು ನೋಡಿದಾಗ ಗೊತ್ತಾಯಿತು. ಬಟ್ಟಲಿನಲ್ಲಿ ಅರ್ಧ ಗ್ರಾಂ ಹಾಕಿದ್ದೆ. ಕೊನೆಯ ಅಂಕಿ ಒಂದೊಂದಾಗಿ ಇಳಿಯುತ್ತಲೇ ಇತ್ತು. ದ್ರವ ಕಣ್ಣೆದುರೇ ಆರಿಹೋಗುತ್ತಿತ್ತು. ತೂಕ ಬರೆದುಕೊಂಡು ಬಾಂಬ್ ಮುಚ್ಚುವಷ್ಟರಲ್ಲಿ 10 ಮಿಲಿಗ್ರಾಂ ಹೋದರೂ ಅದು ಶೇ. 2. ಮೋಲ್ ಲೆಕ್ಕದಲ್ಲಿ 78 ಕಿಲೋಜೂಲ್! ನಾವು ಹುಡುಕುತ್ತಿರುವ ಸ್ಟ್ರೇನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಆಮೇಲೆ ಜೆಲಾಟಿನ್ ಕ್ಯಾಪ್ಸೂಲ್‌ನಲ್ಲಿ ತುಂಬಿ, ಮುಚ್ಚಿ, ತೂಗಿ ಸುಟ್ಟೆ. ಕ್ಯಾಪ್ಸೂಲ್ ಕೂಡ ಉರಿಯುತ್ತದೆ, ಅದರ ಪಾಲನ್ನು ಬೇರೆ ಅಳೆದು ಕಳೆಯಬೇಕು. ಆಗ ಉತ್ತರಗಳು ಒಂದರ ಹತ್ತಿರ ಒಂದು ಬಂದವು.

ನಿಮ್ಮ ಲೆಕ್ಕದಲ್ಲಿ ಇನ್ನೊಂದು ಕಡೆಯೂ ಕಾಲು ಜಾರಬಹುದು. ಸುಟ್ಟಾಗ ಬರುವ ನೀರನ್ನು ದ್ರವ ಅಂತ ಹಿಡಿದಿದ್ದಾರೋ, ಆವಿ ಅಂತ ಹಿಡಿದಿದ್ದಾರೋ ನೋಡಿಕೊಳ್ಳಿ. ಒಂದು CH₂ ಸುಟ್ಟರೆ ಒಂದು ನೀರಿನ ಅಣು ಬರುತ್ತದೆ. ನೀರು ಆವಿಯಾಗೇ ಉಳಿದರೆ ಮೋಲ್‌ಗೆ 44 ಕಿಲೋಜೂಲ್ ಅದರ ಜೊತೆಗೇ ಹೋಗುತ್ತದೆ. ಇಂಧನದ ಪುಸ್ತಕಗಳಲ್ಲಿ ಹೀಗೆ ಕಳೆದ ಸಂಖ್ಯೆಗಳೇ ಸಿಗುವುದುಂಟು. ಅಲ್ಲಿಂದ ಸೈಕ್ಲೋಪ್ರೊಪೇನ್‌ನ ಸಂಖ್ಯೆ ತಂದು, ರಸಾಯನಶಾಸ್ತ್ರದ ಪುಸ್ತಕದ ಸಂಖ್ಯೆ ಜೊತೆ ಹೋಲಿಸಿದರೆ CH₂ ಒಂದಕ್ಕೆ 697ರ ಬದಲು 653 ಬರುತ್ತದೆ. ಮೂರು ಇಂಗಾಲದ ರಿಂಗ್‌ಗೆ ಸ್ಟ್ರೇನ್ ಇಲ್ಲವೇ ಇಲ್ಲ, ಉಲ್ಟಾ ಬಹಳ ಸ್ಥಿರ ಅಂತ ಉತ್ತರ ಬರುತ್ತದೆ!

ಅಳತೆಗೋಲು ಎಲ್ಲಿಂದ ಬಂತು

ಸ್ಟ್ರೇನ್ ಅಂದರೆ ನಾವು ಅಂದುಕೊಂಡಿದ್ದಕ್ಕಿಂತ ಎಷ್ಟು ಜಾಸ್ತಿ ಉಷ್ಣ ಬಂತು ಅನ್ನೋದು. ಹಾಗಾದರೆ ಅಂದುಕೊಂಡಿದ್ದು ಎಷ್ಟು? ಅದಕ್ಕೆ ನೇರ ಸರಪಳಿಯ ಆಲ್ಕೇನ್‌ಗಳನ್ನು ನೋಡಬೇಕು. ಅಡುಗೆಮನೆಯ ಸಿಲಿಂಡರ್‌ನಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳಿಂದಲೇ ಶುರು ಮಾಡಿ. ಅನಿಲ ರೂಪದಲ್ಲಿ ಒಂದು ಮೋಲ್ ಪ್ರೊಪೇನ್ ಸುಟ್ಟರೆ 2219 ಕಿಲೋಜೂಲ್. ಬ್ಯೂಟೇನ್ 2878. ಪೆಂಟೇನ್ 3536. ಹೆಕ್ಸೇನ್ 4195. ಪ್ರತಿ ಹೆಜ್ಜೆಗೂ ಒಂದು CH₂ ಸೇರುತ್ತದೆ, ಪ್ರತಿ ಹೆಜ್ಜೆಗೂ 658 ಅಥವಾ 659 ಏರುತ್ತದೆ. ಸರಾಸರಿ 658.6 ಅಂತ ಇಟ್ಟುಕೊಳ್ಳೋಣ. ಯಾವ ಎಳೆದಾಟವೂ ಇಲ್ಲದ, ಆರಾಮಾಗಿರುವ CH₂ ಒಂದರ ಬೆಲೆ ಇದು.

ಸೈಕ್ಲೋಆಲ್ಕೇನ್‌ನಲ್ಲಿ CH₂ ಬಿಟ್ಟು ಬೇರೇನೂ ಇಲ್ಲ. ತುದಿಯಲ್ಲಿ CH₃ ಇಲ್ಲ. ಅದಕ್ಕೇ ಈ ಹೋಲಿಕೆ ಇಷ್ಟು ಸಲೀಸಾಗಿ ನಡೆಯುತ್ತದೆ. ಸೈಕ್ಲೋಪ್ರೊಪೇನ್‌ನ ದಹನ ಉಷ್ಣ 2091. ಮೂರು ಆರಾಮದ CH₂ ಇದ್ದಿದ್ದರೆ 1976 ಬರಬೇಕಿತ್ತು. ಜಾಸ್ತಿ ಬಂದಿದ್ದು 115. ಸೈಕ್ಲೋಬ್ಯೂಟೇನ್‌ನದು 2744, ಬರಬೇಕಿದ್ದದ್ದು 2634, ಜಾಸ್ತಿ 110. ಸೈಕ್ಲೋಪೆಂಟೇನ್‌ನದು 3320, ಬರಬೇಕಿದ್ದದ್ದು 3293, ಜಾಸ್ತಿ 27. ನಿಮ್ಮ ಪುಸ್ತಕದ ಟೇಬಲ್ ಸರಿಯಾಗಿದೆ.

ಇಲ್ಲಿ ಮಕ್ಕಳು ಒಂದು ಕಡೆ ಎಡವುತ್ತಾರೆ. ಸೈಕ್ಲೋಹೆಕ್ಸೇನ್ ಸುಟ್ಟರೆ 3953, ಸೈಕ್ಲೋಪ್ರೊಪೇನ್ ಸುಟ್ಟರೆ 2091, ಹಾಗಾಗಿ ಸೈಕ್ಲೋಹೆಕ್ಸೇನ್‌ನಲ್ಲೇ ಶಕ್ತಿ ಜಾಸ್ತಿ, ಅದೇ ಅಸ್ಥಿರ ಅಂತ ಬರೆಯುತ್ತಾರೆ. ಆರು ಮಂದಿಯ ಊಟದ ಬಿಲ್ಲನ್ನು ಮೂರು ಮಂದಿಯ ಬಿಲ್ಲಿಗೆ ಹೋಲಿಸಿದ ಹಾಗಾಯಿತು ಅದು. ತಲೆಗೆ ಎಷ್ಟು ಬಿತ್ತು ಅಂತ ನೋಡಬೇಕು, ಅದಕ್ಕೇ CH₂ ಲೆಕ್ಕ. ಸೈಕ್ಲೋಪ್ರೊಪೇನ್‌ಗೆ ತಲಾ 697, ಸೈಕ್ಲೋಬ್ಯೂಟೇನ್‌ಗೆ 686, ಸೈಕ್ಲೋಪೆಂಟೇನ್‌ಗೆ 664, ಸೈಕ್ಲೋಹೆಕ್ಸೇನ್‌ಗೆ 658.8.

ಆದರೆ ತಲಾ ಲೆಕ್ಕದಲ್ಲೇ ನಿಂತುಬಿಡುವುದೂ ಸರಿಯಲ್ಲ. ಏಳು ಇಂಗಾಲದ ಸೈಕ್ಲೋಹೆಪ್ಟೇನ್ ನೋಡಿ. ಅದರ ಒಟ್ಟು ಸ್ಟ್ರೇನ್ ಕೂಡ ಸುಮಾರು 27, ಸೈಕ್ಲೋಪೆಂಟೇನ್‌ನಷ್ಟೇ. ತಲಾ ನೋಡಿದರೆ ಒಂದಕ್ಕೆ 4ರ ಹತ್ತಿರ, ಇನ್ನೊಂದಕ್ಕೆ 5ರ ಮೇಲೆ. ರಿಂಗ್ ಒಡೆದರೆ ಎಷ್ಟು ಶಕ್ತಿ ಬಿಡುಗಡೆಯಾಗುತ್ತದೆ ಅಂತ ಕೇಳಿದರೆ ಒಟ್ಟು ಸಂಖ್ಯೆ ಬೇಕು, ಯಾಕೆಂದರೆ ರಿಂಗ್ ಒಡೆಯುವುದು ಒಂದೇ ಸಲ. ಒಂದೊಂದು ಇಂಗಾಲಕ್ಕೆ ಎಷ್ಟು ಕಷ್ಟ ಅಂತ ಕೇಳಿದರೆ ತಲಾ ಸಂಖ್ಯೆ ಬೇಕು. ಪ್ರಶ್ನೆ ಯಾವುದು ಅಂತ ನೋಡಿಕೊಂಡು ಸಂಖ್ಯೆ ಆರಿಸಿ.

ಬೇಯರ್ ಎಲ್ಲಿ ಸರಿ, ಎಲ್ಲಿ ತಪ್ಪು

ಬೇಯರ್ ಈ ಸಿದ್ಧಾಂತವನ್ನು ಹೇಳಿದ್ದು 1885ರಲ್ಲಿ, ಮ್ಯೂನಿಕ್‌ನಲ್ಲಿದ್ದಾಗ. ಅವರು ಬರೆಯುತ್ತಿದ್ದದ್ದು ಪಾಲಿಅಸಿಟಿಲೀನ್‌ಗಳ ಬಗ್ಗೆ. ಆ ವಸ್ತುಗಳು ಯಾಕೆ ಅಷ್ಟು ಸುಲಭವಾಗಿ ಸಿಡಿಯುತ್ತವೆ ಅಂತ ಯೋಚಿಸುತ್ತಾ ಬಂಧಗಳು ಬಾಗಿದರೆ ಏನಾಗುತ್ತದೆ ಅನ್ನೋ ಮಾತು ಬಂತು. ಆರು ಇಂಗಾಲಕ್ಕಿಂತ ಚಿಕ್ಕ ರಿಂಗ್‌ಗಳು ಇರುವುದೇ ಇಲ್ಲ ಅಂತ ಬಹಳ ಮಂದಿ ನಂಬಿದ್ದ ಕಾಲ ಆಗಷ್ಟೇ ಮುಗಿಯುತ್ತಿತ್ತು. ಮೂರು, ನಾಲ್ಕು ಇಂಗಾಲದ ರಿಂಗ್‌ಗಳು ಕೈಗೆ ಸಿಕ್ಕು ಕೆಲವೇ ವರ್ಷ ಆಗಿತ್ತು.

ಅವರ ಲೆಕ್ಕ ಸರಳ. ನಾಲ್ಕು ಬಂಧವಿರುವ ಇಂಗಾಲಕ್ಕೆ ಒಗ್ಗುವ ಕೋನ 109 ಡಿಗ್ರಿ 28 ಮಿನಿಟ್. ತ್ರಿಕೋನದ ಮೂಲೆಯಲ್ಲಿ 60. ವ್ಯತ್ಯಾಸವನ್ನು ಎರಡು ಬಂಧಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಅರ್ಧ ಮಾಡಿದರೆ 24 ಡಿಗ್ರಿ 44 ಮಿನಿಟ್. ಚೌಕಕ್ಕೆ 9 ಡಿಗ್ರಿ 44 ಮಿನಿಟ್. ಐದು ಮೂಲೆಗೆ ಬರೀ 44 ಮಿನಿಟ್. ಆರು ಮೂಲೆಗೆ ಕೋನ 120, ಅಂದರೆ ಆ ಕಡೆಗೆ 5 ಡಿಗ್ರಿ 16 ಮಿನಿಟ್ ಜಾಸ್ತಿ. ನಿಮ್ಮ ನೋಟ್ಸ್‌ನಲ್ಲಿರುವ ಮಾತು ಇಲ್ಲಿಂದಲೇ ಬಂದಿದ್ದು.

ಬಾಗಿದ ಬಂಧಕ್ಕೆ ಶಕ್ತಿಯ ದಂಡ ತೆರಬೇಕು ಅನ್ನೋ ಮಾತು ಇಂದಿಗೂ ನಿಲ್ಲುತ್ತದೆ. ಬಿದ್ದುಹೋಗಿದ್ದು, ಎಲ್ಲ ರಿಂಗ್‌ಗಳೂ ಹಾಳೆಯ ಮೇಲೆ ಬರೆದ ಚಿತ್ರದ ಹಾಗೆ ಚಪ್ಪಟೆ ಅನ್ನೋದು. 1890ರಲ್ಲೇ ಝಾಕ್ಸೆ ಎಂಬವರು ಆರು ಇಂಗಾಲದ ರಿಂಗ್ ಮೇಲೆ ಕೆಳಗೆ ಮಡಿಚಿಕೊಂಡರೆ ಕೋನದ ತೊಂದರೆಯೇ ಇರುವುದಿಲ್ಲ ಅಂದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ. 1918ರಲ್ಲಿ ಮೋರ್ ಆ ಮಾತನ್ನು ಮತ್ತೆ ಎತ್ತಿದರು. ಸೈಕ್ಲೋಹೆಕ್ಸೇನ್ ಕುರ್ಚಿಯ ಆಕಾರದಲ್ಲಿರುವುದನ್ನು ಹ್ಯಾಸೆಲ್ ಎಲೆಕ್ಟ್ರಾನ್ ವಿವರ್ತನೆಯಿಂದ ತೋರಿಸಿದ ಮೇಲೆ ಅನುಮಾನಕ್ಕೆ ಜಾಗವಿರಲಿಲ್ಲ. ಕುರ್ಚಿಯಲ್ಲಿ ಕೋನ ಸುಮಾರು 111 ಡಿಗ್ರಿ, ಪಕ್ಕದ ಇಂಗಾಲಗಳ ಹೈಡ್ರೋಜನ್‌ಗಳು ಒಂದರೆದುರು ಒಂದು ನಿಲ್ಲುವುದಿಲ್ಲ. ನಿಮ್ಮ ಟೇಬಲ್‌ನ ಸೊನ್ನೆ ಇದೇ.

ಕೋನ ಸರಿಯಿದ್ದೂ 27 ಯಾಕೆ

ಸೈಕ್ಲೋಪೆಂಟೇನ್‌ನಲ್ಲಿ ಕೋನದ ದೂರು ಇಲ್ಲ. 108ಕ್ಕೂ 109.5ಕ್ಕೂ ಏನು ಮಹಾ ವ್ಯತ್ಯಾಸ? ದೂರು ಇರುವುದು ಬೇರೆ ಕಡೆ. ಈಥೇನನ್ನು ನೆನಪಿಸಿಕೊಳ್ಳಿ. ಒಂದು ಇಂಗಾಲದ ಮೂರು ಹೈಡ್ರೋಜನ್ ಇನ್ನೊಂದರ ಮೂರು ಹೈಡ್ರೋಜನ್‌ಗೆ ಸರಿಯಾಗಿ ಎದುರು ಬಂದಾಗ 12 ಕಿಲೋಜೂಲ್ ಜಾಸ್ತಿ ಬೇಕು. ಜೋಡಿಗೆ 4 ಅಂತಾಯಿತು. ಇದೇ ಟಾರ್ಷನಲ್ ಸ್ಟ್ರೇನ್. ಬಂಧ ಉದ್ದವಾಗಿಲ್ಲ, ಕೋನ ಕೆಟ್ಟಿಲ್ಲ, ತಿರುಚಿ ದೂರ ಸರಿಯೋಕೆ ಜಾಗ ಸಿಗದೆ ಬರುವ ಕಷ್ಟ ಇದು.

ಐದು ಇಂಗಾಲ ಚಪ್ಪಟೆಯಾಗಿದ್ದರೆ ಐದೂ ಬಂಧಗಳಲ್ಲಿ ಹೈಡ್ರೋಜನ್‌ಗಳು ಎದುರುಬದುರು. ಮೇಲಿನ ಕಡೆ ಐದು ಜೋಡಿ, ಕೆಳಗಿನ ಕಡೆ ಐದು. ಹತ್ತು ನಾಲ್ಕಲಿ ನಲವತ್ತು ಕಿಲೋಜೂಲ್. ನಿಜವಾಗಿ ಇರುವುದು 27. ಅಣು ಚಪ್ಪಟೆಯಾಗಿಲ್ಲ ಅಂತ ಈ ಕಳೆಯುವ ಲೆಕ್ಕದಿಂದಲೇ ಊಹಿಸಬಹುದು. ಒಂದು ಮೂಲೆ ಮೇಲೆದ್ದು, ಮುಚ್ಚಳ ತೆರೆದ ಲಕೋಟೆಯ ಹಾಗೆ ನಿಲ್ಲುತ್ತದೆ. ಆಗ ಕೋನಗಳು 105ರ ಆಸುಪಾಸಿಗೆ ಇಳಿಯುತ್ತವೆ. ಚೆನ್ನಾಗಿದ್ದ ಕೋನವನ್ನು ಸ್ವಲ್ಪ ಕೆಡಿಸಿಕೊಂಡು ಎದುರುಬದುರಿನ ಕಷ್ಟವನ್ನು ಕಡಿಮೆ ಮಾಡಿಕೊಂಡಿತು ಅಂತ ಅರ್ಥ. ಮೇಲೆದ್ದ ಮೂಲೆ ಒಂದೇ ಕಡೆ ನಿಲ್ಲುವುದೂ ಇಲ್ಲ, ಸರದಿಯ ಹಾಗೆ ಐದೂ ಇಂಗಾಲಗಳ ಮೇಲೆ ಸುತ್ತುತ್ತಿರುತ್ತದೆ.

ಈಗ 115 ಮತ್ತು 110

ಇದು ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಟೇಬಲ್ ನೋಡಿದ ನೂರಾರು ಮಂದಿಯಲ್ಲಿ ಒಬ್ಬರೋ ಇಬ್ಬರೋ ಇಲ್ಲಿ ನಿಲ್ಲುತ್ತಾರೆ.

ಬಂಧವನ್ನು ಸ್ಪ್ರಿಂಗ್ ಅಂದುಕೊಳ್ಳಿ. ಎಷ್ಟು ಬಾಗಿಸುತ್ತೀರೋ ಅದರ ವರ್ಗಕ್ಕೆ ತಕ್ಕಂತೆ ಶಕ್ತಿ ಬೇಕು. ಸೈಕ್ಲೋಪ್ರೊಪೇನ್‌ನಲ್ಲಿ ಮೂರು ಮೂಲೆ, ಪ್ರತಿಯೊಂದರಲ್ಲೂ 49.5 ಡಿಗ್ರಿ ಕೊರತೆ. ಸೈಕ್ಲೋಬ್ಯೂಟೇನ್‌ನಲ್ಲಿ ನಾಲ್ಕು ಮೂಲೆ, ನಿಜವಾದ ಕೋನ 88ರ ಹತ್ತಿರ ಇರುವುದರಿಂದ 21.5 ಡಿಗ್ರಿ ಕೊರತೆ. ವರ್ಗ ಮಾಡಿ ಕೂಡಿಸಿದರೆ ಮೊದಲನೆಯದು ಎರಡನೆಯದರ ನಾಲ್ಕು ಪಟ್ಟು ಬರುತ್ತದೆ. ಅಳತೆಯಲ್ಲಿ ಮಾತ್ರ ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಸ್ಪ್ರಿಂಗ್ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ. ಯಾಕೆ?

ಮನೆಯಲ್ಲೇ ಒಂದು ಕೆಲಸ ಮಾಡಿ. ಮೂರು ಉಂಡೆ ಜೇಡಿಮಣ್ಣು, ತೆಂಗಿನ ಗರಿಯ ಮೂರು ಹಸಿ ಕಡ್ಡಿ ತೆಗೆದುಕೊಳ್ಳಿ. ಪ್ರತಿ ಉಂಡೆಗೂ ಎರಡೆರಡು ಕಡ್ಡಿಯನ್ನು ಸುಮಾರು 109 ಡಿಗ್ರಿ ಕೋನದಲ್ಲೇ ಚುಚ್ಚಬೇಕು, ಆ ಕೋನ ಬಿಡಬಾರದು. ಈಗ ಮೂರನ್ನೂ ಸೇರಿಸಿ ರಿಂಗ್ ಮಾಡಿ. ಕಡ್ಡಿಗಳು ನೇರ ನಿಲ್ಲುವುದಿಲ್ಲ, ಮೂರೂ ಹೊರಕ್ಕೆ ಬಿಲ್ಲಿನ ಹಾಗೆ ಉಬ್ಬುತ್ತವೆ. ಉಂಡೆಗಳ ನಡುವೆ ಗೆರೆ ಎಳೆದರೆ 60 ಡಿಗ್ರಿ, ಕಡ್ಡಿ ಹೊರಡುವ ಜಾಗದಲ್ಲಿ ನೋಡಿದರೆ 109ರ ಹತ್ತಿರ. ಸೈಕ್ಲೋಪ್ರೊಪೇನ್ ಮಾಡುವುದು ಇದನ್ನೇ. ಲೆಕ್ಕದ ಪ್ರಕಾರ ಅದರ ಕಕ್ಷಕಗಳು ಒಂದಕ್ಕೊಂದು ಸುಮಾರು 104 ಡಿಗ್ರಿಯಲ್ಲಿವೆ, ಬಂಧದ ಎಲೆಕ್ಟ್ರಾನ್‌ಗಳು ಇಂಗಾಲಗಳ ನಡುವಿನ ಗೆರೆಯಿಂದ ಹೊರಗಿವೆ. ಹೀಗೆ ಹೊರಗೆ ಉಬ್ಬಿದ ಬಂಧವನ್ನು ಬಾಳೆಹಣ್ಣಿನ ಬಂಧ ಅಂತಲೂ ಕರೆಯುತ್ತಾರೆ. ಕೋನದ ನೋವು ಕಡಿಮೆಯಾಯಿತು, ಬದಲಿಗೆ ಕಕ್ಷಕಗಳು ಮುಖಾಮುಖಿ ಸೇರದೆ ಬಂಧ ಸಡಿಲವಾಯಿತು. ಆದರೂ 49.5 ಡಿಗ್ರಿಯ ಪೂರ್ತಿ ದಂಡ ತೆರುವುದಕ್ಕಿಂತ ಇದು ಅಗ್ಗ.

ಇನ್ನೊಂದು ಲಾಭ ರಿಂಗ್‌ನ ಹೊರಗಿದೆ. ಇಂಗಾಲ ತನ್ನ p ಪಾಲನ್ನು ರಿಂಗ್ ಒಳಗಿನ ಬಂಧಗಳಿಗೆ ಜಾಸ್ತಿ ಕೊಟ್ಟಾಗ, ಹೈಡ್ರೋಜನ್ ಕಡೆಗಿನ ಬಂಧಗಳಿಗೆ s ಪಾಲು ಜಾಸ್ತಿ ಉಳಿಯುತ್ತದೆ. ಹಾಗಾಗಿ ಆ ಬಂಧಗಳು ಗಟ್ಟಿ. ಸೈಕ್ಲೋಪ್ರೊಪೇನ್‌ನಿಂದ ಒಂದು ಹೈಡ್ರೋಜನ್ ಕಿತ್ತು ತೆಗೆಯೋಕೆ ಸುಮಾರು 445 ಕಿಲೋಜೂಲ್ ಬೇಕು. ಪ್ರೊಪೇನ್‌ನ ನಡುವಿನ ಇಂಗಾಲದಿಂದ ಕಿತ್ತರೆ 413ರ ಹತ್ತಿರ. ಇಂಥ ಗಟ್ಟಿ ಬಂಧ ಆರಿವೆ. ಒಳಗೆ ಕಳೆದುಕೊಂಡದ್ದರಲ್ಲಿ ಸ್ವಲ್ಪ ಹೊರಗೆ ಸಿಕ್ಕಿತು.

ಸೈಕ್ಲೋಬ್ಯೂಟೇನ್‌ಗೆ ಈ ಅನುಕೂಲ ಕಡಿಮೆ, ಕಷ್ಟವೂ ಒಂದು ಜಾಸ್ತಿ. ತ್ರಿಕೋನದಲ್ಲಿ ಪ್ರತಿ ಇಂಗಾಲವೂ ಉಳಿದೆರಡಕ್ಕೆ ಬಂಧದಿಂದ ಸೇರಿದೆ, ಎದುರಾಳಿ ಅನ್ನುವ ಇಂಗಾಲವೇ ಇಲ್ಲ. ಚೌಕದಲ್ಲಿ ಕರ್ಣದ ಎರಡು ತುದಿಯ ಇಂಗಾಲಗಳಿಗೆ ಬಂಧವಿಲ್ಲ, ಆದರೂ 2.15 ಆಂಗ್‌ಸ್ಟ್ರಾಮ್‌ನಷ್ಟು ಹತ್ತಿರ ಕೂತಿವೆ. ಪ್ರೊಪೇನ್‌ನಲ್ಲಿ ಆಚೀಚೆಯ ಇಂಗಾಲಗಳು 2.5 ದೂರದಲ್ಲಿರುತ್ತವೆ. ಈ ತಳ್ಳಾಟ ಸೈಕ್ಲೋಪ್ರೊಪೇನ್‌ಗೆ ಇಲ್ಲ.

ಮೇಲೆ ಎದುರುಬದುರು ಹೈಡ್ರೋಜನ್‌ಗಳ ಲೆಕ್ಕ. ಸೈಕ್ಲೋಪ್ರೊಪೇನ್‌ನಲ್ಲಿ ಆರು ಜೋಡಿ, ಸುಮಾರು 24 ಕಿಲೋಜೂಲ್. ಮೂರು ಬಿಂದು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ತಪ್ಪಿಸಿಕೊಳ್ಳೋಕೆ ದಾರಿಯಿಲ್ಲ. ಸೈಕ್ಲೋಬ್ಯೂಟೇನ್ ಚಪ್ಪಟೆಯಾಗಿದ್ದರೆ ಎಂಟು ಜೋಡಿ, 32 ಕಿಲೋಜೂಲ್. ಅದಕ್ಕೆ ದಾರಿ ಇದೆ, ಕರ್ಣದ ಗುಂಟ ಸುಮಾರು 30 ಡಿಗ್ರಿ ಮಡಿಚಿಕೊಳ್ಳುತ್ತದೆ. ಆಗ ಕೋನ 90ರಿಂದ 88ಕ್ಕೆ ಇಳಿದು ಇನ್ನೂ ಕೆಡುತ್ತದೆ! ಆದರೂ ಮಡಿಚಿಕೊಳ್ಳುತ್ತದೆ, ಯಾಕೆಂದರೆ ಒಟ್ಟು ಲೆಕ್ಕದಲ್ಲಿ ಸುಮಾರು 6 ಕಿಲೋಜೂಲ್ ಉಳಿತಾಯ. ಕೋನವೊಂದೇ ಮುಖ್ಯ ಅಂತಿದ್ದರೆ ಇದು ಚಪ್ಪಟೆಯಾಗೇ ಇರಬೇಕಿತ್ತಲ್ವಾ?

ಒಂದು ಎಚ್ಚರಿಕೆ ಹೇಳಬೇಕು. 115 ಮತ್ತು 110 ಅಳೆದು ಬಂದ ಸಂಖ್ಯೆಗಳು. ಅದರಲ್ಲಿ ಕೋನದ ಪಾಲೆಷ್ಟು, ತಿರುಚಿನ ಪಾಲೆಷ್ಟು ಅಂತ ಹಂಚುವುದು ನಮ್ಮ ಮಾದರಿ. ಈಥೇನ್‌ನ 4 ಕಿಲೋಜೂಲನ್ನು ಸೈಕ್ಲೋಪ್ರೊಪೇನ್‌ಗೆ ಎತ್ತಿಟ್ಟಿದ್ದೇವೆ, ಅಲ್ಲಿ ಹೈಡ್ರೋಜನ್‌ಗಳು ಹೊರಕ್ಕೆ ಬಾಗಿರುವುದರಿಂದ ಅದು ಅಷ್ಟೇ ಇರಬೇಕೆಂದಿಲ್ಲ. ಕ್ಯಾಲೋರಿಮೀಟರ್‌ಗೆ ಒಟ್ಟು ಮಾತ್ರ ಕಾಣುತ್ತದೆ. ಯಾರಾದರೂ ಕೋನಕ್ಕೆ ಇಂತಿಷ್ಟೇ ಅಂತ ದಶಮಾಂಶದವರೆಗೆ ಹೇಳಿದರೆ ಯಾವ ಮಾದರಿ ಅಂತ ಕೇಳಿ.

ತಾನಾಗೇ ಒಡೆಯುತ್ತದೆಯೇ

ಇಲ್ಲ. ಸ್ಟ್ರೇನ್ ಹೇಳುವುದು ಗುಡ್ಡದ ಮೇಲಿನ ಕಲ್ಲು ಎಷ್ಟು ಎತ್ತರದಲ್ಲಿದೆ ಅಂತ. ಅದರ ಮುಂದೆ ಎಷ್ಟು ಎತ್ತರದ ತಡೆ ಇದೆ ಅನ್ನೋದು ಬೇರೆ ಮಾತು. ಬರೀ ಶಾಖದಿಂದ ಸೈಕ್ಲೋಪ್ರೊಪೇನ್ ಒಡೆದು ಪ್ರೊಪೀನ್ ಆಗಬೇಕಾದರೆ ಸುಮಾರು 272 ಕಿಲೋಜೂಲ್‌ನ ತಡೆ ದಾಟಬೇಕು. ಸೈಕ್ಲೋಬ್ಯೂಟೇನ್ ಎರಡು ಈಥಿಲೀನ್ ಆಗಲು 262ರ ಹತ್ತಿರ. ಎರಡಕ್ಕೂ ಉಷ್ಣತೆ 400 ಡಿಗ್ರಿ ದಾಟಬೇಕು. ನೋಡಿ, ಶಾಖ ಮಾತ್ರ ಕೊಟ್ಟಾಗ ಎರಡೂ ಸಮಸಮ.

ನಿಕ್ಕೆಲ್ ಮತ್ತು ಹೈಡ್ರೋಜನ್ ಇಟ್ಟರೆ ಮಾತ್ರ ಲೆಕ್ಕ ಬದಲಾಗುತ್ತದೆ. ಸೈಕ್ಲೋಪ್ರೊಪೇನ್ 80 ಡಿಗ್ರಿಯಲ್ಲೇ ತೆರೆದುಕೊಳ್ಳುತ್ತದೆ, ಸೈಕ್ಲೋಬ್ಯೂಟೇನ್‌ಗೆ 200 ಬೇಕು. ಐದು ಕಿಲೋಜೂಲ್ ವ್ಯತ್ಯಾಸಕ್ಕೆ ಇಷ್ಟು ಅಂತರ ಬರಲ್ಲ. ಹೊರಗೆ ಉಬ್ಬಿದ ಆ ಬಂಧಗಳ ಎಲೆಕ್ಟ್ರಾನ್‌ಗಳು ಬೇರೆಯವರ ಕೈಗೆ ಸುಲಭವಾಗಿ ಸಿಗುತ್ತವೆ, ಹೆಚ್ಚುಕಡಿಮೆ ದ್ವಿಬಂಧದ ಹಾಗೆ. ಬ್ರೋಮಿನ್ ಕೂಡ ಸೈಕ್ಲೋಪ್ರೊಪೇನನ್ನು ಒಡೆಯುತ್ತದೆ. ಆದರೆ ತಣ್ಣನೆಯ ಪೊಟ್ಯಾಸಿಯಂ ಪರ್ಮ್ಯಾಂಗನೇಟ್‌ನ ಬಣ್ಣ ಹೋಗುವುದಿಲ್ಲ. ಪ್ರಾಕ್ಟಿಕಲ್‌ನಲ್ಲಿ ಆಲ್ಕೀನ್‌ನಿಂದ ಇದನ್ನು ಬೇರೆ ಮಾಡಿ ಗುರುತಿಸುವುದು ಹೀಗೆಯೇ.

ಸೈಕ್ಲೋಪ್ರೊಪೇನನ್ನು 1930ರ ದಶಕದಿಂದ ಆಪರೇಷನ್ ಕೊಠಡಿಗಳಲ್ಲಿ ಅರಿವಳಿಕೆಯಾಗಿ ಬಳಸಿದರು. ಸಿಲಿಂಡರ್‌ನಲ್ಲಿ ತುಂಬಿಟ್ಟರೆ ಏನೂ ಆಗುತ್ತಿರಲಿಲ್ಲ. ಅಪಾಯ ಇದ್ದದ್ದು ಆಮ್ಲಜನಕದ ಜೊತೆ ಬೆರೆತಾಗ ಒಂದು ಕಿಡಿ ಬಿದ್ದರೆ. ಆ ಅಪಾಯ ಅಡುಗೆ ಗ್ಯಾಸ್‌ಗೂ ಇದೆ. ನಮ್ಮ ಮನೆಗಳಲ್ಲಿ ರಾತ್ರಿ ಹಚ್ಚುವ ಸೊಳ್ಳೆ ಲಿಕ್ವಿಡ್‌ನ ಟ್ರಾನ್ಸ್‌ಫ್ಲುಥ್ರಿನ್, ಹತ್ತಿ ಹೊಲಕ್ಕೆ ಹೊಡೆಯುವ ಸೈಪರ್‌ಮೆಥ್ರಿನ್, ಔಷಧಿ ಅಂಗಡಿಯ ಸಿಪ್ರೋಫ್ಲೋಕ್ಸಾಸಿನ್, ಮೂರರಲ್ಲೂ ಮೂರು ಇಂಗಾಲದ ರಿಂಗ್ ಇದೆ. ಬಿಸಿ ಮಾಡುವ ಯಂತ್ರದೊಳಗಿಂದ ಆವಿಯಾಗಿ ಹೊರಬಂದರೂ ಆ ತ್ರಿಕೋನ ಹಾಗೇ ಇರುತ್ತದೆ.

ಪರೀಕ್ಷೆಗೆ

ನಿಮ್ಮ ಮುಂದೆ ಎರಡು ದಾರಿ ಇವೆ. ನೋಟ್ಸ್‌ನಲ್ಲಿರುವಂತೆ ಸೈಕ್ಲೋಪೆಂಟೇನ್ ಅತ್ಯಂತ ಸ್ಥಿರ ಅಂತ ಬರೆದು ಮುಗಿಸಬಹುದು. ಬೇಯರ್ ಸಿದ್ಧಾಂತವನ್ನು ವಿವರಿಸಿ ಅಂತ ಮಾತ್ರ ಕೇಳಿದ್ದರೆ ಅಂಕ ಸಿಗಬಹುದು. ಆದರೆ ಸೈಕ್ಲೋಆಲ್ಕೇನ್‌ಗಳ ಸ್ಥಿರತೆಯನ್ನು ಹೋಲಿಸಿ ಅಂತ ಕೇಳಿದ್ದರೆ ಅದೇ ವಾಕ್ಯ ತಪ್ಪಾಗುತ್ತದೆ. ಬೇಯರ್‌ನನ್ನು ಬಿಟ್ಟು ನೇರವಾಗಿ ಕುರ್ಚಿ ಆಕಾರಕ್ಕೆ ಹಾರುವುದು ಎರಡನೇ ದಾರಿ. ಅದರಲ್ಲೂ ನಷ್ಟ ಇದೆ. 24 ಡಿಗ್ರಿ 44 ಮಿನಿಟ್‌ನ ಲೆಕ್ಕಕ್ಕೇ ಎರಡು ಅಂಕ ಇಟ್ಟಿರುತ್ತಾರೆ.

ನಾನಾದರೆ ಮೊದಲು ಬೇಯರ್‌ನ ನಾಲ್ಕು ಕೋನದ ವ್ಯತ್ಯಾಸಗಳನ್ನು ಬರೆದು, ಇದು ಎಲ್ಲ ರಿಂಗ್ ಚಪ್ಪಟೆ ಅಂದುಕೊಂಡು ಮಾಡಿದ ಲೆಕ್ಕ ಅಂತ ಒಂದು ಸಾಲು ಸೇರಿಸುತ್ತೇನೆ. ಅದರ ಕೆಳಗೆ CH₂ ಒಂದರ ದಹನ ಉಷ್ಣ 697, 686, 664, 659 ಅಂತ ಬರೆದು, ಸರಪಳಿಯ 658.6ರ ಜೊತೆ ಹೋಲಿಸುತ್ತೇನೆ. ಸೈಕ್ಲೋಪೆಂಟೇನ್‌ನ ಪಕ್ಕದಲ್ಲಿ ಲಕೋಟೆಯ ಚಿತ್ರ, ಸೈಕ್ಲೋಹೆಕ್ಸೇನ್‌ನ ಪಕ್ಕದಲ್ಲಿ ಕುರ್ಚಿಯ ಚಿತ್ರ. ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಕಿಲೋಕ್ಯಾಲರಿ ಕೊಟ್ಟಿರುತ್ತಾರೆ, ಅಲ್ಲಿ 658.6ರ ಜಾಗದಲ್ಲಿ 157.4 ಇರುತ್ತದೆ, ಸೈಕ್ಲೋಪ್ರೊಪೇನ್‌ನ ಸ್ಟ್ರೇನ್ 27.5 ಬರುತ್ತದೆ. ಸೈಕ್ಲೋಪೆಂಟೇನ್‌ನ 27 ಕಿಲೋಜೂಲ್ ಜೊತೆ ಇದನ್ನು ಬೆರೆಸಿಬಿಟ್ಟ ಉತ್ತರಪತ್ರಿಕೆಗಳನ್ನು ನಾನು ಪ್ರತಿ ವರ್ಷವೂ ತಿದ್ದಿದ್ದೇನೆ. ಸಂಖ್ಯೆಯ ಪಕ್ಕ ಏಕಮಾನ ಬರೆಯಿರಿ, ಅದರ ಪಕ್ಕ ಅನಿಲವೋ ದ್ರವವೋ ಅಂತಲೂ ಬರೆಯಿರಿ.